ಒಂದು ಕಾಲು ಮುರಿದರೆ ಸಾಕು

ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ಪ್ರತಿವಾದಿಯ ಲಿಖಿತ ವಾದಪತ್ರ ಬರೆಯುವವರಿಗೆ ವಿಷಯ ಟ್ರೇಡ್‌ಮಾರ್ಕ್ ದುರ್ಬಲೀಕರಣವಾದರೆ ಒಂದು ಅನುಕೂಲವಿದೆ. 1999ರ ಕಾಯ್ದೆಯ 29(4)ನೇ ಕಲಮಿನಡಿ ವಾದಿ ಎಲ್ಲವನ್ನೂ ಸಾಬೀತುಪಡಿಸಬೇಕು: ಗುರುತುಗಳ ಹೋಲಿಕೆ, ಭಾರತದಲ್ಲಿ ತನ್ನ ಗುರುತಿನ ಖ್ಯಾತಿ, ಸಕಾರಣವಿಲ್ಲದ ಬಳಕೆ, ಅದರಿಂದ ಎದುರಾಳಿಗೆ ಅನುಚಿತ ಲಾಭ ಅಥವಾ ತನಗೆ ಹಾನಿ. ಪ್ರತಿವಾದಿಗೆ ಇವುಗಳಲ್ಲಿ ಒಂದನ್ನು ಬೀಳಿಸಿದರೂ ಸಾಕು.

ಐಟಿಸಿ ಮತ್ತು ಫಿಲಿಪ್ ಮಾರಿಸ್ ನಡುವಿನ ಮೊಕದ್ದಮೆ ಇದಕ್ಕೆ ಒಳ್ಳೆಯ ಪಾಠ. ತನ್ನ ಹೋಟೆಲುಗಳ ನಮಸ್ಕಾರದ ಲಾಂಛನವನ್ನು ಮಾರ್ಲ್‌ಬೊರೊ ಸಿಗರೇಟಿನ ಜ್ವಾಲೆಯ ಚಿಹ್ನೆ ಹೋಲುತ್ತದೆ ಎಂಬುದು ಐಟಿಸಿಯ ದೂರು. 2010ರಲ್ಲಿ ದೆಹಲಿ ಹೈಕೋರ್ಟ್ ಮಧ್ಯಂತರ ತಡೆಯಾಜ್ಞೆ ಕೊಡಲಿಲ್ಲ. ದುರ್ಬಲೀಕರಣದಲ್ಲಿ ಹೋಲಿಕೆಯ ಪರೀಕ್ಷೆ ಹೆಚ್ಚು ಕಠಿಣ, ಗುರುತನ್ನು ಇಡಿಯಾಗಿ ನೋಡಬೇಕು ಎಂದಿತು. ಹೋಟೆಲಿನ ಖ್ಯಾತಿ ಸಿಗರೇಟಿಗೆ ತಾನಾಗಿ ಹರಿದುಬರುವುದಿಲ್ಲ ಎಂಬುದು ಪ್ರತಿವಾದಿಗೆ ಇಲ್ಲಿ ಸಿಗುವ ಮುಖ್ಯ ಎಳೆ.

ಹಾಗಾಗಿ ವಿವಾದಾಂಶವನ್ನು ‘ಗುರುತು ದುರ್ಬಲವಾಗಿದೆಯೇ?’ ಎಂದು ಸಡಿಲವಾಗಿ ಬರೆಯಬಾರದು. ‘ಖ್ಯಾತಿಗೆ ಹಾನಿಯಾಗಿದೆಯೆಂದು ವಾದಿ ಸಾಕ್ಷ್ಯದಿಂದ ತೋರಿಸಿದ್ದಾರೆಯೇ?’ ಎಂದರೆ ಭಾರ ಎಲ್ಲಿರಬೇಕೋ ಅಲ್ಲೇ ಉಳಿಯುತ್ತದೆ. ಲಿಖಿತ ವಾದ ಮೆಟ್ಟಿಲಾಗಿ ಇಳಿಯಲಿ: ಹೋಲಿಕೆ ಇಲ್ಲ, ಇದ್ದರೂ ಖ್ಯಾತಿ ಇಲ್ಲಿಯವರೆಗೆ ಚಾಚದು, ಚಾಚಿದರೂ ಹಾನಿಯಿಲ್ಲ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಪ್ರತಿಕೂಲ ತೀರ್ಪನ್ನು ಮುಚ್ಚಿಡುವಲ್ಲಿ. ಒಳಉಡುಪಿಗೆ ‘ಬೆಂಜ್’ ಹೆಸರು ಬಳಸುವುದನ್ನು ತಡೆದ ತೀರ್ಪನ್ನು ನ್ಯಾಯಪೀಠ ಕೇಳಿಯೇ ಕೇಳುತ್ತದೆ. ಅಲ್ಲಿ ಹೆಸರೇ ಒಂದಾಗಿತ್ತು, ತೀರ್ಪು 1999ರ ಕಾಯ್ದೆಗಿಂತ ಹಿಂದಿನದು ಎಂದು ವಾದಪತ್ರದಲ್ಲೇ ಬೇರ್ಪಡಿಸಿ ತೋರಿಸುವುದು ಜಾಣತನ.