ಮಗು ತಾಯಿಯ ಬಳಿ, ಆಸ್ತಿ ಯಾರ ಬಳಿ?

ಅಂಗಡಿ ನಡೆಸುತ್ತಿದ್ದ ಒಬ್ಬಾತ ತೀರಿಕೊಂಡ ಎಂದುಕೊಳ್ಳೋಣ. ಹೆಂಡತಿ, 5 ವರ್ಷದ ಮಗ, 3 ವರ್ಷದ ಮಗಳು, ಜೊತೆಗೆ ಅವನ ವೃದ್ಧ ತಂದೆ ಉಳಿದಿದ್ದಾರೆ. ಆಸ್ತಿಯೆಂದರೆ ಆ ಅಂಗಡಿ ಮತ್ತು ಒಂದಿಷ್ಟು ಜಮೀನು. ಭಾರತದ ಹೆಚ್ಚಿನ ಸುನ್ನಿ ಮುಸ್ಲಿಮರು ಅನುಸರಿಸುವ ಹನಫಿ ಶಾಸ್ತ್ರ ಇಂಥ ಮನೆಯಲ್ಲಿ ಮಕ್ಕಳನ್ನು ಒಬ್ಬರಿಗೆ, ಅವರ ಆಸ್ತಿಯನ್ನು ಇನ್ನೊಬ್ಬರಿಗೆ ಒಪ್ಪಿಸುತ್ತದೆ.

ಮಕ್ಕಳನ್ನು ಸಾಕುವ ಹಕ್ಕಿಗೆ ಹಿಜಾನತ್ ಎನ್ನುತ್ತಾರೆ. ಅದು ಮೊದಲು ತಾಯಿಯದು: ಮಗನಿಗೆ 7 ತುಂಬುವವರೆಗೆ, ಮಗಳು ಮೈನೆರೆಯುವವರೆಗೆ. ಆಮೇಲೆ ತಂದೆಯ ಕಡೆಯವರದು. ಮಕ್ಕಳಿಗೆ ಹತ್ತಿರದ ರಕ್ತಸಂಬಂಧಿಯಲ್ಲದವನನ್ನು ತಾಯಿ ಮರುಮದುವೆಯಾದರೆ, ಹಕ್ಕು ಅವಳ ತಾಯಿಗೆ ಹೋಗುತ್ತದೆ. ಆಕೆಯೂ ಇಲ್ಲದಿದ್ದರೆ ತಂದೆಯ ತಾಯಿಗೆ.

ಆಸ್ತಿಯ ಸಾಲು ಬೇರೆ. ತಂದೆ ತನ್ನ ಉಯಿಲಿನಲ್ಲಿ ನೇಮಿಸಿದ ವಸಿ, ಅಂದರೆ ಮೇಲ್ವಿಚಾರಕ, ಮೊದಲು ಬರುತ್ತಾನೆ. ಅಂಥವರಿಲ್ಲದಿದ್ದರೆ ತಂದೆಯ ತಂದೆ, ನಂತರ ಅವರು ನೇಮಿಸಿದ ವಸಿ, ಯಾರೂ ಇಲ್ಲದಿದ್ದರೆ ಕಾಜಿ. ನಮ್ಮ ಉದಾಹರಣೆಯಲ್ಲಿ ಉಯಿಲು ಇಲ್ಲ. ಹಾಗಾಗಿ ಜವಾಬ್ದಾರಿ ಅಜ್ಜನದು.

ತಬ್ಬಲಿಗಳ ಆಸ್ತಿಯನ್ನು ಅನ್ಯಾಯವಾಗಿ ತಿನ್ನುವವರನ್ನು ಕುರಾನ್ ಕಠಿಣವಾಗಿ ಎಚ್ಚರಿಸುತ್ತದೆ. ಮೇಲ್ವಿಚಾರಕ ಸ್ಥಿತಿವಂತನಾದರೆ ಅದರಿಂದ ಏನನ್ನೂ ಮುಟ್ಟಬಾರದು. ಬಡವನಾದರೆ ನ್ಯಾಯವಾದಷ್ಟು ತೆಗೆದುಕೊಳ್ಳಬಹುದು. ವಸಿ ಅಂಗಡಿಯ ಸರಕನ್ನು ಸರಿಯಾದ ಬೆಲೆಗೆ ಮಾರಬಹುದು, ಆದರೆ ಜಮೀನಿಗೆ ಬಿಗಿ ಹೆಚ್ಚು. ಮಗುವಿನ ಹೊಟ್ಟೆಪಾಡಿಗೆ ಬೇರೆ ದಾರಿ ಇಲ್ಲದಿದ್ದರೆ, ಸಾಲ ತೀರಿಸಬೇಕಿದ್ದರೆ, ಆದಾಯಕ್ಕಿಂತ ಖರ್ಚು ಹೆಚ್ಚಾದರೆ, ಅಥವಾ ಎರಡು ಪಟ್ಟು ಬೆಲೆ ಸಿಕ್ಕರೆ ಮಾರಬಹುದು ಎಂಬಂಥ ಕೆಲವೇ ಕಾರಣಗಳನ್ನು ಶಾಸ್ತ್ರ ಒಪ್ಪುತ್ತದೆ.

ಪ್ರಾಯಕ್ಕೆ ಬಂದ ಮಾತ್ರಕ್ಕೆ ಆಸ್ತಿ ಕೈಸೇರದು. ವ್ಯವಹಾರದ ತಿಳಿವಳಿಕೆ ಬಂದಿದೆಯೇ ಎಂದು ಪರೀಕ್ಷಿಸಿ, ಸಾಕ್ಷಿಗಳ ಮುಂದೆ ಒಪ್ಪಿಸಬೇಕು. ತಿಳಿವಳಿಕೆ ಬರದಿದ್ದರೂ 25 ತುಂಬಿದ ಮೇಲೆ ತಡೆಹಿಡಿಯುವಂತಿಲ್ಲ ಎಂದರು ಅಬೂ ಹನೀಫಾ. ಬರುವವರೆಗೆ ಕೊಡಬಾರದು ಎಂದರು ಅವರ ಇಬ್ಬರು ಪ್ರಮುಖ ಶಿಷ್ಯರು.

ಎಡವಟ್ಟಾಗುವುದು ತಾಯಿಯ ಸಹಿಯಲ್ಲಿ. ಮಕ್ಕಳನ್ನು ಸಾಕುತ್ತಿರುವವಳು ತಾನೇ ಎಂದು ಅವಳು ಅವರ ಜಮೀನನ್ನು ಮಾರಿದರೆ, ಕೊಂಡವನಿಗೆ ಹಕ್ಕು ಸಿಗದು. ಇಮಾಂಬಂದಿ ವಿರುದ್ಧ ಮುತ್ಸದ್ದಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1918ರಲ್ಲಿ ಇದನ್ನೇ ಹೇಳಿತು: ತಾಯಿ ಎಂಬ ಕಾರಣಕ್ಕೇ ಮಕ್ಕಳ ಸ್ಥಿರಾಸ್ತಿ ಪರಭಾರೆ ಮಾಡುವ ಅಧಿಕಾರ ಬರುವುದಿಲ್ಲ. ಹೊರಗಿನವರು ಮೋಸದಿಂದ ಬರೆಸಿಕೊಂಡಾಗ ಈ ನಿಯಮ ಮಕ್ಕಳನ್ನು ಕಾಯುತ್ತದೆ. ನಿಜವಾದ ಕಷ್ಟದಲ್ಲಿರುವ ತಾಯಿಯ ಕೈಯನ್ನೂ ಕಟ್ಟುತ್ತದೆ.

ಬಿಡಿಸುವ ದಾರಿ ಶಾಸ್ತ್ರದಲ್ಲೇ ಇದೆ. ತಂದೆ ಬದುಕಿರುವಾಗಲೇ ಹೆಂಡತಿಯನ್ನು ವಸಿಯಾಗಿ ನೇಮಿಸಬಹುದು. ಆಗ ಆಸ್ತಿಯ ಸಾಲಿನಲ್ಲಿ ಅವಳು ಅಜ್ಜನಿಗಿಂತ ಮುಂದೆ. ನೇಮಿಸದೆ ಹೋದರೆ, 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಅವಳು ನ್ಯಾಯಾಲಯಕ್ಕೆ ಅರ್ಜಿ ಹಾಕಿ ಪಾಲಕಳಾಗಬಹುದು. ಆಗಲೂ ಜಮೀನು ಮಾರುವ ಮೊದಲು ನ್ಯಾಯಾಲಯದ ಅನುಮತಿ ಬೇಕೇ ಬೇಕು.