ಬಳಸಿದ್ದು 6,000 ಯೂನಿಟ್, ಬಿಲ್ ಬಂದದ್ದು 8,571ಕ್ಕೆ! ಏನಿದು ಕೆವಿಎಎಚ್ ಲೆಕ್ಕ?

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಕರಜಗಿಯಿಂದ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರದ ಗಡಿ. ಗಡಿಯ ಈಚೆ ಜೆಸ್ಕಾಂ ಮೀಟರ್, ಆಚೆ ಮಹಾವಿತರಣದ ಮೀಟರ್. ಎರಡೂ ಕಡೆ ತೊಗರಿ ಬೆಳೆಯುತ್ತದೆ, ಎರಡೂ ಕಡೆ ಬೇಳೆ ಮಿಲ್‌ಗಳಲ್ಲಿ ಒಂದೇ ಬಗೆಯ ಮೋಟಾರ್‌ಗಳು ತಿರುಗುತ್ತವೆ. ಆದರೆ ಕರೆಂಟ್ ಬಿಲ್ ಲೆಕ್ಕ ಹಾಕುವ ರೀತಿ ಮಾತ್ರ ಬೇರೆ. ಮಹಾರಾಷ್ಟ್ರದಲ್ಲಿ 2020ರ ಏಪ್ರಿಲ್ 1ರಿಂದ ಎಚ್‌ಟಿ ಗ್ರಾಹಕರಿಗೆ ನಮಗೆಲ್ಲ ಗೊತ್ತಿರುವ ಯೂನಿಟ್ ಬದಲು ಕೆವಿಎಎಚ್ ಲೆಕ್ಕದಲ್ಲಿ ಬಿಲ್ ಮಾಡಲಾಗುತ್ತಿದೆ. ಕರ್ನಾಟಕದಲ್ಲಿ ಯೂನಿಟ್ ಲೆಕ್ಕದ ಜೊತೆ ಪವರ್ ಫ್ಯಾಕ್ಟರ್ ಸರ್‌ಚಾರ್ಜ್ ಹಾಕುವ ಪದ್ಧತಿ ಇದೆ. ಎರಡರ ಹಿಂದಿರುವ ಕಾರಣ ಒಂದೇ. ಅದೇನೆಂದು ನೋಡೋಣ.

ಕೆಲಸ ಮಾಡುವ ಕರೆಂಟ್, ಸುಮ್ಮನೆ ಓಡಾಡುವ ಕರೆಂಟ್

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹೀಟರ್ ಇಂಥವು ತಂತಿಯಲ್ಲಿ ಬಂದ ಕರೆಂಟನ್ನು ಪೂರ್ತಿ ಶಾಖವಾಗಿ ಬಳಸಿಕೊಳ್ಳುತ್ತವೆ. ಮೋಟಾರ್ ಹಾಗಲ್ಲ. ಅದು ತಿರುಗಬೇಕಾದರೆ ಮೊದಲು ಒಳಗಿನ ಸುರುಳಿಯಲ್ಲಿ ಕಾಂತಕ್ಷೇತ್ರ ಹುಟ್ಟಬೇಕು. ಇದಕ್ಕಾಗಿ ಮೋಟಾರ್ ಸ್ವಲ್ಪ ಶಕ್ತಿಯನ್ನು ಲೈನಿನಿಂದ ತೆಗೆದುಕೊಂಡು, ಮರುಕ್ಷಣವೇ ವಾಪಸ್ ಕೊಡುತ್ತದೆ. ಸೆಕೆಂಡಿಗೆ 100 ಸಲ ಈ ಕೊಡು-ಕೊಳ್ಳುವಿಕೆ ನಡೆಯುತ್ತದೆ. ಇದರಿಂದ ಒಂದು ಕಾಳು ಬೇಳೆಯೂ ಒಡೆಯುವುದಿಲ್ಲ, ಆದರೆ ಇದಿಲ್ಲದೆ ಮೋಟಾರ್ ತಿರುಗುವುದೂ ಇಲ್ಲ.

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಬಸ್ಸಿನಲ್ಲಿ ಕೆಲವರು ಹತ್ತಿ, ಎಲ್ಲೂ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ ಬಂದರು ಎಂದುಕೊಳ್ಳಿ. ಅವರಿಂದ ಯಾವ ಕೆಲಸವೂ ಆಗಲಿಲ್ಲ, ಆದರೆ ಸೀಟು ಹಿಡಿದು ಕೂತಿದ್ದರು. ಈ ಓಡಾಡುವ ಶಕ್ತಿಯೂ ಹಾಗೆಯೇ ತಂತಿ ಮತ್ತು ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಹಿಡಿಯುತ್ತದೆ.

ಕೆಲಸ ಮಾಡುವ ಶಕ್ತಿಯನ್ನು ಕಿಲೋವ್ಯಾಟ್‌ನಲ್ಲಿ ಅಳೆಯುತ್ತಾರೆ. ಅದು ಒಂದು ಗಂಟೆ ನಡೆದರೆ ಒಂದು ಯೂನಿಟ್, ಅಂದರೆ ಮೀಟರ್‌ನಲ್ಲಿ ಕಾಣುವ `kWh`. ಎರಡೂ ಸೇರಿ ತಂತಿಯ ಮೇಲೆ ಬೀಳುವ ಒಟ್ಟು ಭಾರ ಕೆವಿಎ. ಅದರ ಗಂಟೆ ಲೆಕ್ಕವೇ ಕೆವಿಎಎಚ್, ಮೀಟರ್‌ನಲ್ಲಿ `kVAh`. ಯೂನಿಟ್ಟನ್ನು ಕೆವಿಎಎಚ್‌ನಿಂದ ಭಾಗಿಸಿದರೆ ಸಿಗುವುದೇ ಪವರ್ ಫ್ಯಾಕ್ಟರ್. ಅದು 1 ಆಗಿದ್ದರೆ ಬಂದದ್ದೆಲ್ಲ ಕೆಲಸಕ್ಕೆ ಬಳಕೆಯಾಗಿದೆ ಎಂದರ್ಥ.

ಒಂದು ಮಿಲ್‌ನ ಲೆಕ್ಕ

ಉದಾಹರಣೆಗೆ ಒಂದು ಬೇಳೆ ಮಿಲ್ ತೆಗೆದುಕೊಳ್ಳೋಣ. ಎಲ್ಲ ಮೋಟಾರ್ ಸೇರಿ 30 ಕಿಲೋವ್ಯಾಟ್ ಎಳೆಯುತ್ತವೆ, ತಿಂಗಳಿಗೆ 200 ಗಂಟೆ ನಡೆಯುತ್ತವೆ. ಅಲ್ಲಿಗೆ 6,000 ಯೂನಿಟ್. ಪವರ್ ಫ್ಯಾಕ್ಟರ್ 0.70 ಇದ್ದರೆ ತಂತಿಯ ಮೇಲಿನ ಭಾರ 30 ಅಲ್ಲ, 42.9 ಕೆವಿಎ. 415 ವೋಲ್ಟ್ ಲೈನಿನ ಪ್ರತಿ ಫೇಸ್‌ನಲ್ಲಿ ಸುಮಾರು 60 ಆಂಪಿಯರ್ ಹರಿಯುತ್ತದೆ. ಪವರ್ ಫ್ಯಾಕ್ಟರ್ 0.95ಕ್ಕೆ ಏರಿದರೆ ಅದೇ ಕೆಲಸಕ್ಕೆ 44 ಆಂಪಿಯರ್ ಸಾಕು.

ತಂತಿ ಬಿಸಿಯಾಗಿ ನಷ್ಟವಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 44ರ ಜಾಗದಲ್ಲಿ 60 ಆಂಪಿಯರ್ ಹರಿದರೆ ನಷ್ಟ ಸುಮಾರು 1.8 ಪಟ್ಟು. ಈ ನಷ್ಟದ ಬಹುಪಾಲು ಆಗುವುದು ಮೀಟರ್‌ಗಿಂತ ಮೊದಲೇ, ಕಂಪನಿಯ ಲೈನಿನಲ್ಲಿ. ಯೂನಿಟ್ ಮೀಟರ್‌ಗೆ ಇದು ಕಾಣುವುದೇ ಇಲ್ಲ. ಜೊತೆಗೆ ಟ್ರಾನ್ಸ್‌ಫಾರ್ಮರ್ ಬೇಗ ತುಂಬುತ್ತದೆ, ಲೈನಿನ ಕೊನೆಯಲ್ಲಿರುವವರಿಗೆ ವೋಲ್ಟೇಜ್ ಕುಸಿಯುತ್ತದೆ. ಈ ಖರ್ಚನ್ನು ಅದಕ್ಕೆ ಕಾರಣರಾದವರಿಂದಲೇ ವಸೂಲಿ ಮಾಡುವ ದಾರಿಯೇ ಕೆವಿಎಎಚ್ ಬಿಲ್.

ಬಿಲ್ ಎಷ್ಟು ಏರುತ್ತದೆ?

ಕರ್ನಾಟಕದ ದರ ಪಟ್ಟಿಯಲ್ಲಿ ಮೋಟಾರ್ ಬಳಸುವ ಎಲ್‌ಟಿ ಗ್ರಾಹಕರ ಪವರ್ ಫ್ಯಾಕ್ಟರ್ 0.85 ಇರಬೇಕೆಂಬ ನಿಯಮವಿದೆ. ಅದಕ್ಕಿಂತ ಪ್ರತಿ 0.01 ಕಡಿಮೆಯಾದಾಗಲೂ ಯೂನಿಟ್‌ಗೆ 3 ಪೈಸೆ ಸರ್‌ಚಾರ್ಜ್, ಗರಿಷ್ಠ 30 ಪೈಸೆ. ನಮ್ಮ ಮಿಲ್‌ನ 0.70ಕ್ಕೆ ಲೆಕ್ಕ 45 ಪೈಸೆ ಬಂದರೂ ಮಿತಿ ಇರುವುದರಿಂದ 30 ಪೈಸೆ ಬೀಳುತ್ತದೆ. 6,000 ಯೂನಿಟ್‌ಗೆ ತಿಂಗಳಿಗೆ 1,800 ರೂಪಾಯಿ. ಎಚ್‌ಟಿ ಗ್ರಾಹಕರಿಗೆ ಗಡಿ 0.90, ಗರಿಷ್ಠ ಮಿತಿಯ ರಿಯಾಯಿತಿಯೂ ಇಲ್ಲ. ಆದ್ದರಿಂದ ಇದೇ ಬಳಕೆಗೆ 60 ಪೈಸೆಯಂತೆ 3,600 ರೂಪಾಯಿ. ಎಚ್‌ಟಿಯಲ್ಲಿ ಡಿಮಾಂಡ್ ಶುಲ್ಕ ಕೆವಿಎ ಮೇಲೆಯೇ ಇರುವುದರಿಂದ ಆ ಕಡೆಯಿಂದಲೂ ಹೊಡೆತ.

ಈಗ ಅದೇ ಬಳಕೆಯನ್ನು ಕೆವಿಎಎಚ್‌ನಲ್ಲಿ ನೋಡಿ. 6,000ವನ್ನು 0.70ರಿಂದ ಭಾಗಿಸಿದರೆ 8,571. ಲೆಕ್ಕದ ಸಲುವಾಗಿ ದರ 7 ರೂಪಾಯಿ ಎಂದುಕೊಂಡರೆ ಸುಮಾರು 60,000 ರೂಪಾಯಿ. ಪವರ್ ಫ್ಯಾಕ್ಟರ್ 0.95 ಇದ್ದಿದ್ದರೆ 6,316 ಕೆವಿಎಎಚ್, ಅಂದರೆ ಸುಮಾರು 44,200 ರೂಪಾಯಿ. ವ್ಯತ್ಯಾಸ ತಿಂಗಳಿಗೆ 15,800 ರೂಪಾಯಿ! ಇಲ್ಲಿ "ಇಷ್ಟರವರೆಗೆ ದಂಡವಿಲ್ಲ" ಎಂಬ ಗಡಿ ಇಲ್ಲ, ಬೇರೆ ದಂಡವೂ ಇಲ್ಲ. ಪವರ್ ಫ್ಯಾಕ್ಟರ್ ಒಂದು ಚೂರು ಇಳಿದರೂ ಬಿಲ್ ಅಷ್ಟು ಏರುತ್ತದೆ, ಸುಧಾರಿಸಿದರೆ ಅಷ್ಟು ಇಳಿಯುತ್ತದೆ.

ಪರಿಹಾರ ಮತ್ತು ಎಡವುವ ಜಾಗಗಳು

ಪರಿಹಾರ ಕೆಪಾಸಿಟರ್. ಮೋಟಾರ್ ಶಕ್ತಿಯನ್ನು ತೆಗೆದುಕೊಳ್ಳುವ ಕ್ಷಣದಲ್ಲಿ ಕೆಪಾಸಿಟರ್ ಕೊಡುತ್ತದೆ, ಮೋಟಾರ್ ವಾಪಸ್ ಕೊಟ್ಟಾಗ ಇಟ್ಟುಕೊಳ್ಳುತ್ತದೆ. ಓಡಾಟ ಮಿಲ್‌ನ ಒಳಗೇ ಮುಗಿಯುತ್ತದೆ, ಲೈನಿಗೆ ಹೋಗುವುದಿಲ್ಲ. ನಮ್ಮ ಮಿಲ್ ಅನ್ನು 0.70ರಿಂದ 0.95ಕ್ಕೆ ಏರಿಸಲು ಸುಮಾರು 20 ಕೆವಿಎಆರ್ ಕೆಪಾಸಿಟರ್ ಬೇಕು.

ಆದರೆ ಹಾಕಿಸಿ ಮರೆತುಬಿಟ್ಟರೆ ಆಗದು. ಬಿಸಿಲು ಮತ್ತು ವೋಲ್ಟೇಜ್ ಏರಿಳಿತಕ್ಕೆ ಕೆಪಾಸಿಟರ್‌ಗಳು ಸದ್ದಿಲ್ಲದೆ ಸೋಲುತ್ತವೆ. ಮೋಟಾರ್ ಎಂದಿನಂತೆ ತಿರುಗುವುದರಿಂದ ಇದು ಗೊತ್ತಾಗುವುದೇ ಇಲ್ಲ. 415 ವೋಲ್ಟ್‌ನಲ್ಲಿ 10 ಕೆವಿಎಆರ್‌ನ ಕೆಪಾಸಿಟರ್ ಪ್ರತಿ ಫೇಸ್‌ನಲ್ಲಿ ಸುಮಾರು 14 ಆಂಪಿಯರ್ ಎಳೆಯಬೇಕು. ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಿಡಿದಾಗ 7 ತೋರಿಸಿದರೆ ಅದು ಅರ್ಧ ಸತ್ತಿದೆ ಎಂದೇ ಅರ್ಥ.

ಇನ್ನೊಂದು ತಪ್ಪು ಇದರ ತದ್ವಿರುದ್ಧ. ರಾತ್ರಿ ಮೋಟಾರ್ ನಿಲ್ಲಿಸಿ ಕೆಪಾಸಿಟರ್ ಮಾತ್ರ ಚಾಲೂ ಬಿಟ್ಟರೆ, ಈಗ ಕೆಪಾಸಿಟರ್‌ನದ್ದೇ ಓಡಾಟ ಲೈನಿನಲ್ಲಿ ಶುರುವಾಗುತ್ತದೆ. ಇದನ್ನೂ ಎಣಿಸುವ ಮೀಟರ್ ಇದ್ದರೆ ಮಿಲ್ ಮುಚ್ಚಿದ್ದರೂ ಕೆವಿಎಎಚ್ ಏರುತ್ತದೆ. ಆದ್ದರಿಂದ ಕೆಪಾಸಿಟರ್ ಸ್ಟಾರ್ಟರ್ ಜೊತೆಗೇ ಆನ್-ಆಫ್ ಆಗುವಂತಿರಬೇಕು, ಇಲ್ಲವೇ ಬೇಕಾದಷ್ಟನ್ನೇ ಸೇರಿಸುವ ಸ್ವಯಂಚಾಲಿತ ಪ್ಯಾನೆಲ್ ಬೇಕು.

ಮೋಟಾರ್‌ನ ಗಾತ್ರವೂ ಮುಖ್ಯ. 10 ಎಚ್‌ಪಿ ಸಾಕಾಗುವಲ್ಲಿ 20 ಎಚ್‌ಪಿ ಕೂರಿಸಿದರೆ, ಅಥವಾ ಕಾಳು ಹಾಕದೆ ಮಿಲ್ ಖಾಲಿ ಓಡಿಸಿದರೆ, ಕೆಲಸದ ಶಕ್ತಿ ಇಳಿಯುತ್ತದೆ, ಕಾಂತಕ್ಷೇತ್ರಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪವರ್ ಫ್ಯಾಕ್ಟರ್ ಪಾತಾಳಕ್ಕೆ ಇಳಿಯುತ್ತದೆ.

ಹಾಗಾದರೆ ಮನೆಗೂ ಡಬ್ಬಿ ತರಬೇಕೇ?

"ಪ್ಲಗ್‌ಗೆ ಚುಚ್ಚಿ, ಬಿಲ್ ಅರ್ಧ ಮಾಡಿ" ಎಂದು ಮಾರುವ ಡಬ್ಬಿಗಳ ಒಳಗೆ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್. ಅದು ಪವರ್ ಫ್ಯಾಕ್ಟರ್ ಸುಧಾರಿಸಬಹುದು. ಆದರೆ ನಮ್ಮ ಮನೆಯ ಬಿಲ್ ಯೂನಿಟ್ ಲೆಕ್ಕದ್ದು, ಅದರಲ್ಲಿ ಪವರ್ ಫ್ಯಾಕ್ಟರ್ ಸರ್‌ಚಾರ್ಜ್ ಇಲ್ಲ. ಫ್ಯಾನ್, ಫ್ರಿಜ್ ಮಾಡುವ ಕೆಲಸ ಅಷ್ಟೇ ಇರುವುದರಿಂದ ಯೂನಿಟ್ ಕೂಡ ಅಷ್ಟೇ ಓಡುತ್ತದೆ. ಮಿಲ್‌ನಲ್ಲಿ ಹಣ ಉಳಿಸುವ ಅದೇ ವಸ್ತು ಮನೆಯಲ್ಲಿ ಬಿಲ್ ಇಳಿಸುವುದಿಲ್ಲ.

ನಿಮ್ಮದು ಮಿಲ್, ಗಿರಣಿ ಅಥವಾ ವರ್ಕ್‌ಶಾಪ್ ಆಗಿದ್ದರೆ ಮುಂದಿನ ಬಿಲ್‌ನಲ್ಲಿ ಯೂನಿಟ್ ಸಂಖ್ಯೆಯ ಜೊತೆಗೆ ಪವರ್ ಫ್ಯಾಕ್ಟರ್ ಸಾಲನ್ನೂ ಓದಿ. ಹೋದ ತಿಂಗಳು 0.92 ಇದ್ದದ್ದು ಈ ತಿಂಗಳು 0.80 ಆಗಿದ್ದರೆ, ಮೊದಲು ನೋಡಬೇಕಾದದ್ದು ಕೆಪಾಸಿಟರ್.