ಒಂದು ನಿಮಿಷದಲ್ಲಿ ಕಟ್ಟುವ ಭಾಷಣ

ಆಶುಭಾಷಣ ಸ್ಪರ್ಧೆಯಲ್ಲಿ ವಿಷಯ ಸಿಗುವುದು ಚೀಟಿಯಲ್ಲಿ. ಮಡಚಿಟ್ಟ ಚೀಟಿಗಳಲ್ಲಿ ಒಂದನ್ನು ಸ್ಪರ್ಧಿ ಎತ್ತುತ್ತಾನೆ, ಬಿಡಿಸಿ ಓದುತ್ತಾನೆ, ಒಂದು ನಿಮಿಷ ಕಳೆದ ಮೇಲೆ ವೇದಿಕೆ ಹತ್ತುತ್ತಾನೆ. ಶಾಲಾ ಮಕ್ಕಳ ಪ್ರತಿಭಾ ಕಾರಂಜಿಯಿಂದ ಹಿಡಿದು ಕಾಲೇಜು, ಸಂಘ ಸಂಸ್ಥೆಗಳ ಸ್ಪರ್ಧೆಗಳವರೆಗೆ ನಿಯಮಗಳು ಅಲ್ಪಸ್ವಲ್ಪ ಬೇರೆಯಾದರೂ ಮಾತಿಗೆ ಸಿಗುವ ಸಮಯ ಸಾಮಾನ್ಯವಾಗಿ ಎರಡು ಮೂರು ನಿಮಿಷ. ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳ 'ಟೇಬಲ್ ಟಾಪಿಕ್ಸ್' ಸುತ್ತಿನಲ್ಲಿ ಈ ಒಂದು ನಿಮಿಷವೂ ಇರುವುದಿಲ್ಲ. ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಎದ್ದು ಒಂದರಿಂದ ಎರಡು ನಿಮಿಷ ಮಾತನಾಡಬೇಕು. ಅದಕ್ಕೆ ಹೋಲಿಸಿದರೆ ಚೀಟಿ ಎತ್ತಿದವನಿಗೆ ಸಿಗುವ ಅರವತ್ತು ಸೆಕೆಂಡು ಕಡಿಮೆಯದೇನಲ್ಲ. ಅದನ್ನು ಯಾವುದಕ್ಕೆ ಬಳಸಬೇಕು ಎಂಬುದೇ ಪ್ರಶ್ನೆ.

ಬಿಡಿಸಿ ಬಿಡಿಸಿ ಮಾತನಾಡುವವರ ಬಾಯಿಂದ ನಿಮಿಷಕ್ಕೆ ಸುಮಾರು 100 ಕನ್ನಡ ಪದಗಳು ಬರುತ್ತವೆ. ಹಾಗಾಗಿ ಮೂರು ನಿಮಿಷದ ಭಾಷಣವೆಂದರೆ 300 ಪದ, ಹೆಚ್ಚೆಂದರೆ ನಲವತ್ತು ವಾಕ್ಯ. ಇಷ್ಟು ವಾಕ್ಯಗಳನ್ನು ಅರವತ್ತು ಸೆಕೆಂಡಿನಲ್ಲಿ ಮನಸ್ಸಿನಲ್ಲೇ ರಚಿಸಿಕೊಳ್ಳಲು ಯಾರಿಂದಲೂ ಆಗದು. ಆದರೂ ಬಹುಪಾಲು ಸ್ಪರ್ಧಿಗಳು ಮಾಡುವುದು ಇದನ್ನೇ. ಮೊದಲ ವಾಕ್ಯವನ್ನು ಚೆಂದ ಮಾಡುತ್ತಾರೆ, ಎರಡನೆಯದನ್ನು ಜೋಡಿಸುತ್ತಾರೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಹೆಸರು ಕೂಗಿಬಿಡುತ್ತಾರೆ. ವೇದಿಕೆಯ ಮೇಲೆ ಮೊದಲ ಇಪ್ಪತ್ತು ಸೆಕೆಂಡು ಸೊಗಸಾಗಿ ಸಾಗಿ ಆಮೇಲೆ ದಾರಿ ಕಾಣದಂತಾಗುವುದು ಇದರಿಂದಲೇ.

ಆ ಒಂದು ನಿಮಿಷದಲ್ಲಿ ಸಿದ್ಧವಾಗಬೇಕಾದದ್ದು ನಾಲ್ಕು: ಭಾಷಣದ ಒಟ್ಟು ವಾದವನ್ನು ಹೇಳುವ ಒಂದು ವಾಕ್ಯ, ಅದನ್ನು ಕಣ್ಣಿಗೆ ಕಟ್ಟಿಸುವ ಒಂದು ಘಟನೆ, ಅದರ ಹಿಂದಿನ ಒಂದು ಕಾರಣ, ಮತ್ತು ಮಾತು ಮುಗಿಸುವ ಕೊನೆಯ ವಾಕ್ಯ. ಉಳಿದ ವಾಕ್ಯಗಳು ವೇದಿಕೆಯ ಮೇಲೆ ತಾವಾಗಿಯೇ ಹುಟ್ಟುತ್ತವೆ. ಈ ನಾಲ್ಕರಲ್ಲಿ ಕಷ್ಟವಾದದ್ದು ಮೊದಲನೆಯದು, ಏಕೆಂದರೆ ಚೀಟಿಯಲ್ಲಿ ಇರುವುದು ವಿಷಯವೇ ಹೊರತು ವಾದವಲ್ಲ.

'ಕೆರೆ' ಎಂಬ ಒಂದೇ ಪದ ಬರೆದ ಚೀಟಿ ಬಂದಿದೆ ಎಂದುಕೊಳ್ಳಬಹುದು. ಮೊದಲ ಹತ್ತು ಸೆಕೆಂಡಿನಲ್ಲಿ ತಲೆಗೆ ನುಗ್ಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಗಳು: ಕೆರೆ ಕಟ್ಟಿಸಿದ ಅರಸರು, ಕೃಷಿಗೆ ಕೆರೆಯ ಉಪಯೋಗ, ಪಕ್ಷಿಗಳು, ಒತ್ತುವರಿ, ಹೂಳು, 'ಕೆರೆ ಉಳಿಸಿ' ಎಂಬ ಕರೆ. ಇವನ್ನು ಒಂದರ ಹಿಂದೆ ಒಂದು ಹೇಳುತ್ತಾ ಹೋದರೆ ಮೂರು ನಿಮಿಷ ತುಂಬೀತು, ಆದರೆ ಕೇಳಿದವರಿಗೆ ನೆನಪಿನಲ್ಲಿ ಉಳಿಯುವಂಥದ್ದು ಏನೂ ಇರುವುದಿಲ್ಲ. ಅದರ ಬದಲು ಸ್ಪರ್ಧಿ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದರ ಬಗ್ಗೆ ಜನ ಸಾಮಾನ್ಯವಾಗಿ ಏನೆಂದುಕೊಂಡಿದ್ದಾರೆ, ಅದರಲ್ಲಿ ಯಾವುದು ಪೂರ್ತಿ ಸರಿಯಲ್ಲ? ಕೆರೆ ಬತ್ತಿದರೆ ಮಳೆ ಬರಲಿಲ್ಲ ಎನ್ನುತ್ತಾರೆ. ಚೆನ್ನಾಗಿ ಮಳೆಯಾದ ವರ್ಷವೂ ತುಂಬದ ಕೆರೆಗಳಿವೆಯಲ್ಲ? ಅಲ್ಲಿಗೆ ವಾದ ಸಿಕ್ಕಿತು: 'ಎಷ್ಟೋ ಕೆರೆಗಳು ಸಾಯುವುದು ಮಳೆಯಿಲ್ಲದೆ ಅಲ್ಲ, ನೀರು ಹರಿದುಬರುವ ದಾರಿ ಮುಚ್ಚಿಹೋಗಿ.' ಇಷ್ಟಕ್ಕೆ ಇಪ್ಪತ್ತೈದು ಸೆಕೆಂಡು ಖರ್ಚಾದರೂ ನಷ್ಟವಿಲ್ಲ.

ಮುಂದಿನ ಇಪ್ಪತ್ತು ಸೆಕೆಂಡು ಘಟನೆ ಮತ್ತು ಕಾರಣಕ್ಕೆ. ಘಟನೆ ಸ್ಪರ್ಧಿಗೆ ನೇರವಾಗಿ ಗೊತ್ತಿರುವುದಾದರೆ ಒಳ್ಳೆಯದು. ಊರಿನ ಕೆರೆಗೆ ನೀರು ತರುತ್ತಿದ್ದ ಕಾಲುವೆಗೆ ಅಡ್ಡಲಾಗಿ ಬಡಾವಣೆಯ ರಸ್ತೆ ಬಂತು. ಮಳೆ ಬಂದ ದಿನ ನೀರು ಕೆರೆಯ ಬದಲು ಮನೆಗಳಿಗೆ ನುಗ್ಗಿತು. ಇಂಥ ಒಂದು ನೋಟ ಸಾಕು. ಕಾರಣವೆಂದರೆ ಕೆರೆ ಕೆಲಸ ಮಾಡುವ ರೀತಿ: ಮೇಲಿನ ಇಳಿಜಾರಿನ ನೀರನ್ನು ರಾಜಕಾಲುವೆ ತರುತ್ತದೆ, ಏರಿ ಅದನ್ನು ತಡೆದು ನಿಲ್ಲಿಸುತ್ತದೆ, ತೂಬು ಗದ್ದೆಗೆ ಬಿಡುತ್ತದೆ, ಹೆಚ್ಚಾದದ್ದು ಕೋಡಿ ಹರಿದು ಕೆಳಗಿನ ಕೆರೆಗೆ ಹೋಗುತ್ತದೆ. ಸರಪಳಿಯಲ್ಲಿ ಮೊದಲ ಕೊಂಡಿಯೇ ಕಡಿದರೆ ಕೆಳಗಿನ ಕೆರೆಗಳಿಗೂ ನೀರಿಲ್ಲ. ಈ ಎರಡಕ್ಕೂ ಸ್ಪರ್ಧಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಪೂರ್ಣ ವಾಕ್ಯಗಳನ್ನಲ್ಲ, 'ರಸ್ತೆ', 'ಸರಪಳಿ' ಎಂಬ ಎರಡು ಗುರುತು ಪದಗಳನ್ನು ಮಾತ್ರ. ಚೀಟಿಯ ಹಿಂದೆ ಬರೆದುಕೊಳ್ಳಲು ಬಿಡುವ ಕಡೆ ಅವನ್ನು ಬರೆಯಬಹುದು. ಬಿಡದಿದ್ದರೆ ಒಂದೊಂದು ಪದಕ್ಕೆ ಒಂದೊಂದು ಬೆರಳು ಮುಟ್ಟಿಕೊಂಡರೆ ಸಾಕು, ವೇದಿಕೆಯ ಮೇಲೆ ಬೆರಳೇ ನೆನಪಿಸುತ್ತದೆ.

ಇಲ್ಲಿ ಬಿಡಬೇಕಾದದ್ದನ್ನು ಬಿಡುವುದೂ ಅಷ್ಟೇ ಮುಖ್ಯ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ ಇತ್ತು. ಇವು ನಿಜ, ಸ್ವಾರಸ್ಯಕರವೂ ಹೌದು. ಸ್ಪರ್ಧಿಗೆ ನೆನಪಾದರೆ ಹೇಳದೆ ಇರುವುದು ಕಷ್ಟ. ಆದರೆ ಇವು ತೋರಿಸುವುದು ಕೆರೆಯ ಅಂಗಳವೇ ನಗರದ ಪಾಲಾದದ್ದನ್ನು. ನೀರಿನ ದಾರಿ ಮುಚ್ಚಿತು ಎಂಬ ವಾದಕ್ಕೆ ಅವು ನೇರ ಸಾಕ್ಷಿಯಲ್ಲ. ಅವನ್ನು ನಡುವೆ ತಂದರೆ ಭಾಷಣ ನಗರೀಕರಣದ ಕಡೆ ತಿರುಗಿ ಮತ್ತೆ ರಾಜಕಾಲುವೆಗೆ ಬರುವುದೇ ಇಲ್ಲ. ಎರಡನೇ ಉದಾಹರಣೆಯಿಂದ ಕೆಟ್ಟ ಆಶುಭಾಷಣಗಳೇ ಹೆಚ್ಚು.

ಕೊನೆಯ ಹದಿನೈದು ಸೆಕೆಂಡಿನಲ್ಲಿ ಮುಕ್ತಾಯದ ವಾಕ್ಯವನ್ನು ಮಾತ್ರ ಪದ ಪದವಾಗಿ ಕಟ್ಟಿಕೊಳ್ಳಬೇಕು. 'ಹೂಳೆತ್ತುವ ಮುನ್ನ ನೀರು ಬರುವ ಕಾಲುವೆಯನ್ನು ಹುಡುಕಿ ತೆರೆಯಬೇಕು' ಎಂಬಂಥ ಒಂದು ನೇರವಾದ ಮಾತು. ಇದು ಮೊದಲೇ ಸಿದ್ಧವಿದ್ದರೆ ಎಚ್ಚರಿಕೆಯ ಗಂಟೆ ಬಾರಿಸಿದಾಗ ಗಾಬರಿಯಿಲ್ಲ. ಎಲ್ಲಿದ್ದರೂ ಅಲ್ಲಿಂದ ಎರಡು ಹೆಜ್ಜೆಯಲ್ಲಿ ಕೊನೆಗೆ ಬರಬಹುದು. ಸಿದ್ಧವಿಲ್ಲದವರು ಗಂಟೆ ಕೇಳಿದ ಮೇಲೆ ಮುಕ್ತಾಯ ಹುಡುಕಲು ಶುರು ಮಾಡಿ, ಸಿಗದೆ, 'ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ' ಎಂಬ ಸವೆದ ವಾಕ್ಯಕ್ಕೆ ಬೀಳುತ್ತಾರೆ.

ಆರಂಭಕ್ಕೆ ಬೇರೆ ಸಿದ್ಧತೆ ಬೇಡ, ಘಟನೆಯೇ ಆರಂಭ. 'ಕಳೆದ ಮಳೆಗಾಲದಲ್ಲಿ ನಮ್ಮೂರಿನ ಮನೆಗಳಿಗೆ ನೀರು ನುಗ್ಗಿತು, ಪಕ್ಕದ ಕೆರೆ ಮಾತ್ರ ಖಾಲಿ ಇತ್ತು' ಎಂದು ಶುರು ಮಾಡಿದ ಕೂಡಲೇ ಸಭೆ ತಲೆ ಎತ್ತುತ್ತದೆ. ಇದಕ್ಕೆ ಅಡ್ಡಿಯಾಗುವುದು ಉದ್ದನೆಯ ಸಂಬೋಧನೆ. ವೇದಿಕೆ ಅಲಂಕರಿಸಿರುವ ಅಧ್ಯಕ್ಷರು, ಮುಖ್ಯ ಅತಿಥಿಗಳು, ತೀರ್ಪುಗಾರರು, ಗುರುವೃಂದ, ಸಹಸ್ಪರ್ಧಿಗಳು ಎಂದು ಹೆಸರಿಸುತ್ತಾ ಹೋದರೆ ಎರಡು ನಿಮಿಷದ ಭಾಷಣದಲ್ಲಿ ಹದಿನೈದು ಇಪ್ಪತ್ತು ಸೆಕೆಂಡು ಅಲ್ಲೇ ಹೋಗುತ್ತದೆ. 'ಎಲ್ಲರಿಗೂ ನಮಸ್ಕಾರ' ಎಂದರೆ ಗೌರವಕ್ಕೆ ಕೊರತೆಯಾಗುವುದಿಲ್ಲ. ಇನ್ನು 'ಕೆರೆ ಎಂದರೇನು?' ಎಂದು ಅರ್ಥ ಹೇಳಿ ಆರಂಭಿಸುವುದು ಸಭೆಗೆ ಗೊತ್ತಿರುವುದನ್ನೇ ಮತ್ತೆ ಹೇಳುವ ಕೆಲಸ.

ಸಮಯದ ಹಂಚಿಕೆಯಲ್ಲಿ, ಮೂರು ನಿಮಿಷದ ಮಾತಿಗೆ ಘಟನೆ ಮುಕ್ಕಾಲು ನಿಮಿಷ, ವಾದದ ವಾಕ್ಯ ಅದರ ಬೆನ್ನಿಗೇ, ಕಾರಣದ ವಿವರಣೆ ಒಂದೂವರೆ ನಿಮಿಷ, ಉಳಿದದ್ದು ಏನು ಮಾಡಬಹುದು ಎಂಬುದಕ್ಕೆ ಮತ್ತು ಮುಕ್ತಾಯಕ್ಕೆ. ಘಟನೆಯನ್ನು ಕಥೆಯಾಗಿ ಬೆಳೆಸಿ ಎರಡು ನಿಮಿಷ ಕಳೆಯುವುದು ಸಾಮಾನ್ಯ ದೋಷ. ಕಥೆ ಚೆನ್ನಾಗಿ ಹೇಳುವವರಲ್ಲೇ ಇದು ಹೆಚ್ಚು. ಮಾತನಾಡುತ್ತಿರುವಾಗಲೇ ದಾರಿ ತಪ್ಪುತ್ತಿದೆ ಎಂದು ತಿಳಿಯಲು ಒಂದು ಗುರುತಿದೆ. 'ಇನ್ನೊಂದು ವಿಷಯ ಏನೆಂದರೆ' ಎಂಬ ಮಾತು ಬಾಯಿಗೆ ಬಂದರೆ ಮುಂದಿನ ಸಂಗತಿಗೂ ಹಿಂದಿನದಕ್ಕೂ ಸಂಬಂಧವಿಲ್ಲ ಎಂದೇ ಅರ್ಥ. ಹಾಗಾದಾಗ ಒಂದು ಕ್ಷಣ ನಿಂತು, ಬೆರಳಿನ ಮುಂದಿನ ಗುರುತಿಗೆ ಹೋಗಬೇಕು. ಎರಡು ಸೆಕೆಂಡಿನ ಮೌನ ಮಾತನಾಡುವವನಿಗೆ ದೀರ್ಘವೆನಿಸುತ್ತದೆ, ಕೇಳುವವರಿಗೆ ಅದು ಬರೀ ಉಸಿರಾಟ.

ಚೀಟಿಯಲ್ಲಿ ಎಲ್ಲ ಸಲವೂ ಒಂಟಿ ಪದವೇ ಬರುವುದಿಲ್ಲ. 'ಮನೆಗೆಲಸ ಮಕ್ಕಳಿಗೆ ಹೊರೆಯೇ?' ಎಂಬಂಥ ಪ್ರಶ್ನೆ ಬಂದರೆ ವಾದ ಹುಡುಕುವ ಕಷ್ಟವಿಲ್ಲ, ಉತ್ತರ ಆರಿಸಿದರೆ ಆಯಿತು. ಅಲ್ಲಿನ ಅಪಾಯ ಎರಡೂ ಕಡೆಯ ಮಾತು ಸಮನಾಗಿ ಹೇಳಿ 'ಎರಡೂ ಬೇಕು' ಎಂದು ಮುಗಿಸುವುದು. ಗಾದೆ ಬಂದರೆ ಕೆಲಸ ಬೇರೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದನ್ನು ಹೊಗಳುವುದರಲ್ಲಿ ಮೂರು ನಿಮಿಷಕ್ಕಾಗುವಷ್ಟು ಸರಕಿಲ್ಲ. ಅದು ನಿಜವಾಗುವುದು ಎಲ್ಲಿ, ಸುಳ್ಳಾಗುವುದು ಎಲ್ಲಿ ಎಂದು ಕೇಳಿದರೆ ಸರಕು ಸಿಗುತ್ತದೆ. ವರ್ಷವಿಡೀ ಕೈ ಕೆಸರು ಮಾಡಿಕೊಂಡ ಟೊಮೆಟೊ ಬೆಳೆಗಾರ ಬೆಲೆ ಕುಸಿದಾಗ ಬೆಳೆಯನ್ನು ರಸ್ತೆಗೆ ಸುರಿಯುವುದನ್ನು ಕೋಲಾರದ ಕಡೆಯವರು ಕಂಡಿದ್ದಾರೆ. ಆಗ ವಾದ ತಾನಾಗಿ ಮೂಡುತ್ತದೆ: ದುಡಿಮೆ ಮತ್ತು ಫಲದ ನಡುವೆ ಮಾರುಕಟ್ಟೆ ಎಂಬುದೊಂದಿದೆ.

'ಅಂದು, ಇಂದು, ಮುಂದು' ಎಂಬ ಸಿದ್ಧ ಚೌಕಟ್ಟನ್ನು ಅನೇಕ ಕಡೆ ಹೇಳಿಕೊಡುತ್ತಾರೆ. ಯಾವ ವಿಷಯಕ್ಕೂ ಹೊಂದುತ್ತದೆ ಎಂಬುದು ಅದರ ಅನುಕೂಲ, ಅದೇ ಅದರ ದೌರ್ಬಲ್ಯ. ಹಿಂದೆ ಎಲ್ಲ ಚೆನ್ನಾಗಿತ್ತು, ಈಗ ಕೆಟ್ಟಿದೆ, ಮುಂದೆ ಜಾಗೃತರಾಗಬೇಕು ಎಂಬಲ್ಲಿಗೆ ಅದು ಸ್ಪರ್ಧಿಯನ್ನು ಎಳೆದೊಯ್ಯುತ್ತದೆ. ತೀರ್ಪುಗಾರರು ಒಂದೇ ಬೆಳಿಗ್ಗೆ ಅದನ್ನು ಹತ್ತಾರು ಬಾರಿ ಕೇಳಿರುತ್ತಾರೆ. ಬೇರೇನೂ ತೋಚದಿದ್ದಾಗ ಮಾತ್ರ ಅದು ಸರಿ.

ವಿಷಯವೇ ಗೊತ್ತಿಲ್ಲದಿದ್ದರೆ? 'ಉಪಗ್ರಹ' ಎಂಬ ಚೀಟಿ ಬಂದು, ಬಾಹ್ಯಾಕಾಶ ವಿಜ್ಞಾನದ ಗಂಧವಿಲ್ಲದಿದ್ದರೆ, ಗೊತ್ತಿರುವ ಒಂದು ಅಂಚಿಗೆ ವಿಷಯವನ್ನು ಕಿರಿದಾಗಿಸಿಕೊಳ್ಳಬಹುದು. ಕರಾವಳಿಯ ಹುಡುಗಿಗೆ ಚಂಡಮಾರುತದ ಮುನ್ಸೂಚನೆ ಬಂದಾಗ ದೋಣಿಗಳು ಕಡಲಿಗಿಳಿಯದೆ ದಡದಲ್ಲೇ ನಿಲ್ಲುವುದು ಗೊತ್ತು. ಮೋಡಗಳ ಚಿತ್ರ ತೆಗೆಯುವುದು ಉಪಗ್ರಹ ಎಂಬಷ್ಟು ತಿಳಿದಿದ್ದರೆ ಭಾಷಣಕ್ಕೆ ಅದು ಸಾಲುತ್ತದೆ. ಆದರೆ ಕಿರಿದಾಗಿಸಿದ್ದನ್ನು ಮೊದಲ ಅರ್ಧ ನಿಮಿಷದೊಳಗೆ ಬಾಯಿಬಿಟ್ಟು ಹೇಳಬೇಕು. ಇಲ್ಲವಾದರೆ ಬಾಯಿಪಾಠದ ಬೇರೆ ಭಾಷಣವನ್ನು ತಂದು ಅಂಟಿಸಿದಂತೆ ಕಾಣುತ್ತದೆ. ಊಹಿಸಿದ ಅಂಕಿಅಂಶ ಹೇಳುವುದಂತೂ ತಪ್ಪು. ಸಭೆಯಲ್ಲಿ ಬಲ್ಲವರು ಒಬ್ಬರಿದ್ದರೂ ಉಳಿದ ನಿಜವೂ ನಂಬಿಕೆ ಕಳೆದುಕೊಳ್ಳುತ್ತದೆ.

ರೋಮಿನ ವಾಗ್ಮಿತೆಯ ಗುರು ಕ್ವಿಂಟಿಲಿಯನ್ ಕ್ರಿಸ್ತಶಕ ಮೊದಲ ಶತಮಾನದಲ್ಲೇ ತನ್ನ 'ಇನ್‌ಸ್ಟಿಟ್ಯೂಷಿಯೊ ಒರಟೋರಿಯಾ' ಗ್ರಂಥದ ಹತ್ತನೆಯ ಭಾಗದಲ್ಲಿ ಆಶುಭಾಷಣವನ್ನು ಚರ್ಚಿಸಿದ್ದಾನೆ. ನಾಲಿಗೆ ಈಗಿನ ಮಾತನ್ನು ಆಡುತ್ತಿರುವಾಗ ಮನಸ್ಸು ಮುಂದಿನದನ್ನು ನೋಡುತ್ತಿರಬೇಕು ಎಂಬುದು ಅವನು ಒತ್ತಿ ಹೇಳುವ ಅಂಶ. ಪೂರ್ಣ ವಾಕ್ಯಗಳ ಬದಲು ಗುರುತು ಪದಗಳು ಏಕೆ ಕೆಲಸ ಮಾಡುತ್ತವೆ ಎಂಬುದಕ್ಕೆ ಉತ್ತರ ಇಲ್ಲಿದೆ: ಬಾಯಿಪಾಠದ ವಾಕ್ಯವನ್ನು ನೆನಪಿಸಿಕೊಳ್ಳಲು ಹೆಣಗುವ ಮನಸ್ಸಿಗೆ ಮುಂದೆ ನೋಡಲು ಬಿಡುವಿರುವುದಿಲ್ಲ. ಓದು, ಬರಹಗಳ ದೀರ್ಘ ಅಭ್ಯಾಸದಿಂದ ಈ ಶಕ್ತಿ ಬರುತ್ತದೆ ಎಂದೂ ಅವನು ಹೇಳುತ್ತಾನೆ. ಚೌಕಟ್ಟು ಇರುವ ಸರಕನ್ನು ಜೋಡಿಸುತ್ತದೆ, ಇಲ್ಲದ ಸರಕನ್ನು ತರುವುದಿಲ್ಲ.

ಈ ನಾಲ್ಕರ ಚೌಕಟ್ಟು ಮೂರು, ಹೆಚ್ಚೆಂದರೆ ನಾಲ್ಕು ನಿಮಿಷದವರೆಗೆ ಹೊರುತ್ತದೆ. ಐದು ನಿಮಿಷ ಕೊಟ್ಟರೆ ಒಂದೇ ಘಟನೆ, ಒಂದೇ ಕಾರಣ ತೆಳುವಾಗುತ್ತವೆ. ಆಗ ಎರಡನೆಯ ಘಟನೆ ಸೇರಿಸುವುದಕ್ಕಿಂತ ಎದುರಾಳಿಯ ಒಂದು ಆಕ್ಷೇಪವನ್ನು ತಾನೇ ಎತ್ತಿ ಉತ್ತರಿಸುವುದು ಮೇಲು. ಕೆರೆಯ ಭಾಷಣದಲ್ಲಾದರೆ, 'ಕಾಲುವೆ ತೆರೆಯಲು ಅದರ ಮೇಲೆ ಕಟ್ಟಿದ ಮನೆಗಳನ್ನು ಏನು ಮಾಡುವುದು?' ಎಂಬುದು ಸಭೆಯ ಮನಸ್ಸಿನಲ್ಲಿ ಏಳುವ ಪ್ರಶ್ನೆ. ಅದಕ್ಕೆ ಒಂದು ನಿಮಿಷ ಕೊಟ್ಟರೆ ವಾದದ ದಾರಿ ಬಿಡದೆಯೇ ಉಳಿದ ಸಮಯ ತುಂಬುತ್ತದೆ.